ಕಾಮೆಂಟ್‌ ಪ್ರಶ್ನೆಗಳಿಂದ ವಾರಕ್ಕೊಂದು ವಿಡಿಯೊ: ನನ್ನ ಅನುಭವ

‘ಕಾಮೆಂಟ್‌ಗೆ ಉತ್ತರ ಕೊಡೋ ವಿಡಿಯೊನ ಕೇಳಿದವ್ರು ಬಿಟ್ಟು ಇನ್ಯಾರು ನೋಡ್ತಾರೆ?’ ಎಂದು ಚಾನೆಲ್ ನಡೆಸುವ ಗೆಳೆಯರೇ ನಕ್ಕಿದ್ದರು. ಈಗ ಸುಮಾರು 40 ವಾರ ಆಯಿತು, ಒಂದು ವಾರವೂ ತಪ್ಪಿಸಿಲ್ಲ. ನನ್ನದು ಹೊಲಿಗೆ ಮೆಷಿನ್ ರಿಪೇರಿಯ ಚಾನೆಲ್.

ಶುರುವಿನಲ್ಲಿ ಅವರ ಮಾತೇ ನಿಜವಾಯಿತು. ಹತ್ತು ಪ್ರಶ್ನೆ ಸೇರಿಸಿ 20 ನಿಮಿಷದ ವಿಡಿಯೊ ಮಾಡುತ್ತಿದ್ದೆ. ರಿಟೆನ್ಷನ್ ಗ್ರಾಫ್‌ನಲ್ಲಿ ಪ್ರತಿ ಪ್ರಶ್ನೆ ಮುಗಿದ ಕಡೆ ಒಂದು ಇಳಿತ. ಮೂರನೆಯದಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಜನ ಎದ್ದು ಹೋಗಿರುತ್ತಿದ್ದರು. ಎಡಿಟಿಂಗ್ ಸರಿಯಿಲ್ಲ ಅಂದುಕೊಂಡು ಎಡಿಟರ್ ಇಟ್ಟೆ. ಎರಡು ತಿಂಗಳು ಜಾಹೀರಾತಿನಿಂದ ಬಂದಿದ್ದಕ್ಕಿಂತ ಜಾಸ್ತಿ ದುಡ್ಡು ಅವರಿಗೇ ಹೋಯಿತು, ಗ್ರಾಫ್ ಮಾತ್ರ ಕದಲಲಿಲ್ಲ. ತಪ್ಪು ಇದ್ದದ್ದು ಹತ್ತು ಪ್ರಶ್ನೆ ಸೇರಿಸಿದ್ದರಲ್ಲಿ. ದಾರದ ಗಂಟು ಬಿಚ್ಚಲಾಗದವನಿಗೆ ಮೋಟರ್ ಬೆಲ್ಟ್ ಕಥೆ ಯಾಕೆ ಬೇಕು?

ಈಗ ವಾರಕ್ಕೆ ಒಂದೇ ತೊಂದರೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರಶ್ನೆ ಇರುವ ಕಾಮೆಂಟ್‌ಗಳ ಫಿಲ್ಟರ್ ಇದೆ. ಆದರೆ ನಮ್ಮವರು ‘ಸರ್ ದಾರ ಗಂಟಾಗ್ತಿದೆ’ ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ. ಅದೂ ಪ್ರಶ್ನೆಯೇ ಅಲ್ವಾ? ಹಾಗಾಗಿ ನಾನೇ ಎಲ್ಲ ಓದಿ ಶೀಟ್‌ಗೆ ಹಾಕುತ್ತೇನೆ. ಒಂದು ಕಾಲಂನಲ್ಲಿ ಅವರು ಬರೆದಿದ್ದು, ಪಕ್ಕದಲ್ಲಿ ನನ್ನ ಪ್ರಕಾರ ಇರುವ ಕಾರಣ. ಕಾರಣ ಒಂದೇ ಆಗಿರುವ ಮೂರು ಸಾಲು ಸೇರಿದರೆ ವಿಡಿಯೊ ರೆಡಿ.

‘ಬಟ್ಟೆ ಕೆಳಗಡೆ ದಾರ ಗಂಟು’, ‘ಬಾಬಿನ್ ಬದಲಿಸಿದರೂ ಅಷ್ಟೇ’, ‘ಟೆನ್ಷನ್ ತಿರುಗಿಸಿದರೂ ಸರಿಹೋಗ್ತಿಲ್ಲ’. ಮೂವರೂ ಬೇರೆ ಬೇರೆ ಕಡೆ ಹುಡುಕುತ್ತಿದ್ದರು. ಇಂಥದ್ದರಲ್ಲಿ ನಾನು ಮೊದಲು ನೋಡುವುದು ಮೇಲಿನ ದಾರವನ್ನು. ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಕೆಳಗಿದ್ದಾಗ ದಾರ ಪೋಣಿಸಿದರೆ ಅದನ್ನು ಹಿಡಿಯುವ ಟೆನ್ಷನ್ ಡಿಸ್ಕ್‌ಗಳು ಬಿಗಿಯಾಗಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಅದನ್ನು ನನ್ನ ಖಾಲಿ ಸ್ಕ್ರಿಪ್ಟ್‌ಗೆ ತುಂಬಿದೆ:

‘ನೀವು ಕೇಳಿದ್ದು ___. ಕಾರಣ ___. ಹೀಗೆ ಮಾಡಿ ___. ಸರಿಹೋಗಿದೆ ಅನ್ನಲು ಗುರುತು ___. ಆಗದಿದ್ದರೆ ___.’

ಹೀಗೆ ಮಾಡಿ: ಫೂಟ್ ಎತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಗುರುತು: ಫೂಟ್ ಇಳಿಸಿ ದಾರ ಎಳೆದರೆ ಬಿಗಿ ಹಿಡಿಯಬೇಕು. ಆಗದಿದ್ದರೆ: ಡಿಸ್ಕ್ ನಡುವೆ ನೂಲಿನ ಧೂಳು ಸೇರಿದೆಯೇ ನೋಡಿ. ಕೊನೆಯ ಎರಡು ಖಾಲಿ ಜಾಗ ಮೊದಲು ಇರಲಿಲ್ಲ. ‘ಮಾಡಿದೆ, ಆಗಲಿಲ್ಲ’ ಎಂದು ಅದೇ ಜನ ತಿರುಗಿ ಬರುತ್ತಿದ್ದರು. ಅವೆರಡು ಸೇರಿಸಿದ ಮೇಲೆ ಅಂಥ ಕಾಮೆಂಟ್ ಅರ್ಧಕ್ಕಿಂತ ಕಡಿಮೆಯಾಯಿತು. ವಿಡಿಯೊ ಐದಾರು ನಿಮಿಷ, ಶೂಟಿಂಗ್ ಒಂದು ಗಂಟೆ. ಎಡಿಟಿಂಗ್ ಈಗ ನಾನೇ ಮಾಡುತ್ತೇನೆ, ಕಟ್ ಮಾಡುವ ಜಾಗಗಳು ಪ್ರತಿ ವಾರವೂ ಅವೇ ಆಗಿರುತ್ತವೆ.

ನಡುವೆ ಪ್ರಶ್ನೆಗಳನ್ನು ಧ್ವನಿಯಲ್ಲಿ ಕಳಿಸಿ ಅಂದು ನೋಡಿದೆ. ಬಂದವು ಏಳೆಂಟು, ಅರ್ಧದಲ್ಲಿ ಮೆಷಿನ್ ಸದ್ದೇ ಜಾಸ್ತಿ. ಬಿಟ್ಟೆ. ಹೆಸರು ತೋರಿಸಿದ್ದಕ್ಕೆ ಒಬ್ಬರು ಬೇಸರ ಮಾಡಿಕೊಂಡರು, ಅಂದಿನಿಂದ ಸ್ಕ್ರೀನ್‌ಶಾಟ್‌ನಲ್ಲಿ ಹೆಸರು ಮುಚ್ಚುತ್ತೇನೆ. ಅಪ್‌ಲೋಡ್ ಆದಮೇಲೆ ಮೂವರಿಗೂ ಉತ್ತರ ಬರುವ ನಿಮಿಷದ ಲಿಂಕ್ ಕೊಡುತ್ತೇನೆ.

ನಕ್ಕಿದ್ದ ಗೆಳೆಯರೊಬ್ಬರು ಮೊನ್ನೆ ಶೀಟ್ ಕೇಳಿದರು, ಕೊಟ್ಟೆ. ಮೂರರಲ್ಲಿ ಯಾರ ಮಾತನ್ನು ಟೈಟಲ್ ಮಾಡುತ್ತೇನೆ ಅನ್ನುವುದನ್ನು ಮಾತ್ರ ಇನ್ನೂ ಹೇಳಿಲ್ಲ.