ಭುಜಕ್ಕೆ ಚಳುಕು ಬಂದರೆ ಟ್ರೈನರ್‌ಗೆ ಪತ್ರ ಬರೆಯುವುದು ಹೇಗೆ?

ಭುಜ ನೋವು ಬಂದವರು ಜಿಮ್ ಟ್ರೈನರ್‌ಗೆ ಕಳಿಸುವ ಸಂದೇಶ ಸಾಮಾನ್ಯವಾಗಿ ಒಂದೇ ಸಾಲಿನದು: ‘ಸರ್, ಭುಜ ನೋಯ್ತಿದೆ, ಏನ್ ಮಾಡ್ಲಿ?’ ಉತ್ತರವೂ ಒಂದೇ ಸಾಲು: ‘ಎರಡು ದಿನ ರೆಸ್ಟ್ ಮಾಡಿ ಬನ್ನಿ.’ ಎರಡು ದಿನ ಬಿಟ್ಟು ಹೋಗಿ ಅದೇ ತೂಕ ಎತ್ತಿದರೆ ಅದೇ ಜಾಗದಲ್ಲಿ ಮತ್ತೆ ಅದೇ ಚಳುಕು. ಫಿಸಿಯೊಥೆರಪಿಸ್ಟ್ ಆಗಿ ನಾನು ನೋಡುವವರಲ್ಲಿ ಅನೇಕರು ಹೀಗೆ ಮೂರ್ನಾಲ್ಕು ಸಲ ಮಾಡಿ, ನೋವು ತಿಂಗಳುಗಟ್ಟಲೆ ಹಳತಾದ ಮೇಲೆ ಬರುತ್ತಾರೆ. ಇದರಲ್ಲಿ ಟ್ರೈನರ್ ತಪ್ಪು ಹೆಚ್ಚೇನಿಲ್ಲ. ಒಂದು ಸಾಲಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಪ್ರೌಢಶಾಲೆಯ ಗಣಿತ ಶಿಕ್ಷಕಿಯೊಬ್ಬರು ಬರೆದ ಪತ್ರವನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಅವರಿಗೆ 42 ವರ್ಷ. ವಾರಕ್ಕೆ ನಾಲ್ಕು ದಿನ ಜಿಮ್ಮಿಗೆ ಹೋಗುತ್ತಾರೆ. ಡಂಬೆಲ್ ತಲೆಯ ಮೇಲೆತ್ತುವಾಗ ಬಲಭುಜದಲ್ಲಿ ಚುಳ್ ಎನ್ನುತ್ತಿತ್ತು.

ಮೊದಲು: ಇದು ಟ್ರೈನರ್‌ಗೆ ಬರೆಯುವ ನೋವೇ?

ಕೆಲವು ನೋವುಗಳಿಗೆ ಪತ್ರ ಬರೆಯುತ್ತಾ ಕೂರಬಾರದು. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಅಥವಾ ‘ಟಕ್’ ಎಂಬ ಸದ್ದಾದ ಮೇಲೆ ಕೈ ಎತ್ತಲೇ ಆಗದಿದ್ದರೆ, ಭುಜದ ಆಕಾರ ಬದಲಾಗಿದ್ದರೆ, ಕೀಲು ಕೆಂಪಾಗಿ ಜ್ವರವೂ ಬಂದಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ನೋವು ಮೊಣಕೈ ದಾಟಿ ಬೆರಳಿನವರೆಗೆ ಇಳಿದು ಜೋಮು ಹಿಡಿಯುತ್ತಿದ್ದರೆ ಮೂಲ ಬಹುಶಃ ಕುತ್ತಿಗೆಯಲ್ಲಿರುತ್ತದೆ. ಭುಜದ ವ್ಯಾಯಾಮ ಬದಲಿಸಿ ಅದನ್ನು ಸರಿಪಡಿಸಲಾಗದು.

ಮಧುಮೇಹ ಇರುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿಗೆ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ನೀವು ತಿರುಗಿಸಿದರೂ ಬರುವುದಿಲ್ಲ, ಮನೆಯವರು ಮೆಲ್ಲಗೆ ಹಿಡಿದು ತಿರುಗಿಸಿದರೂ ಬರುವುದಿಲ್ಲ ಎಂದರೆ ಕೀಲೇ ಬಿಗಿಯುತ್ತಿರಬಹುದು. ಇದಕ್ಕೆ ‘ಫ್ರೋಜನ್ ಶೋಲ್ಡರ್’ ಎನ್ನುತ್ತೇವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಇದರ ದಾರಿಯೇ ಬೇರೆ.

ಶಿಕ್ಷಕಿಗೆ ಇವು ಯಾವುವೂ ಇರಲಿಲ್ಲ. ಹಾಗಾಗಿ ಟ್ರೈನರ್‌ಗೆ ಬರೆಯಬಹುದಿತ್ತು.

ಜಾಗ ಮತ್ತು ಕೋನ

ಪೆನ್ನು ಹಿಡಿಯುವ ಮೊದಲು ಕನ್ನಡಿ ಮುಂದೆ ನಿಲ್ಲಿ. ‘ಎಲ್ಲಿ ನೋವು?’ ಎಂದು ನಿಮ್ಮನ್ನೇ ಕೇಳಿಕೊಂಡು ಇನ್ನೊಂದು ಕೈಯಿಂದ ತೋರಿಸಿ. ಕೆಲವರು ಅಂಗೈಯಿಂದ ತೋಳಿನ ಹೊರಭಾಗವನ್ನು, ಚುಚ್ಚುಮದ್ದು ಹಾಕುವ ಜಾಗದ ಆಸುಪಾಸು, ಸವರಿ ತೋರಿಸುತ್ತಾರೆ. ಇನ್ನು ಕೆಲವರು ಒಂದೇ ಬೆರಳಿನಿಂದ ಭುಜದ ತುದಿಯ ಎಲುಬನ್ನು ಮುಟ್ಟುತ್ತಾರೆ. ಮೊದಲನೆಯದು ಬಹುಪಾಲು ರೊಟೇಟರ್ ಕಫ್‌ಗೆ ಸಂಬಂಧಿಸಿದ್ದು. ತೋಳಿನ ಗುಂಡು ತಲೆಯನ್ನು ಅದರ ಗುಳಿಯಲ್ಲಿ ನಡುಮಧ್ಯಕ್ಕೆ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪು ಅದು. ಎರಡನೆಯದು ಹೆಚ್ಚಾಗಿ ಕೊರಳೆಲುಬು ಭುಜಕ್ಕೆ ಸೇರುವ ಪುಟ್ಟ ಕೀಲಿನದ್ದು. ಅದನ್ನು ಕೆಣಕುವ ವ್ಯಾಯಾಮಗಳು ಬೇರೆ, ಬೆಂಚ್ ಪ್ರೆಸ್ ಮತ್ತು ಡಿಪ್ಸ್ ಅದರಲ್ಲಿ ಮುಖ್ಯವಾದವು.

ಆಮೇಲೆ ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಿ. ಭುಜಕ್ಕೆ ಸಮವಾದರೆ 90 ಡಿಗ್ರಿ, ಕಿವಿಗೆ ತಾಗಿದರೆ 180. ನೋವು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ನೋಡಿ. ಶಿಕ್ಷಕಿಗೆ ಕೈ ಸೊಂಟ ದಾಟಿ ಸ್ವಲ್ಪ ಮೇಲೇರಿದಾಗ ಶುರುವಾಗಿ, ಭುಜಮಟ್ಟ ದಾಟಿ ಒಂದು ಗೇಣು ಮೇಲೆ ಹೋದ ಮೇಲೆ ಬಿಟ್ಟುಹೋಗುತ್ತಿತ್ತು. ಪೂರ್ತಿ ಮೇಲೆತ್ತಿದರೆ ನೋವೇ ಇಲ್ಲ! ಅವರಿಗೆ ಇದೇ ಗಾಬರಿ. ಆದರೆ 60ರಿಂದ 120 ಡಿಗ್ರಿವರೆಗೆ ನೋಯ್ದು ಮುಂದೆ ಬಿಡುವುದು ನಮಗೆ ಬಹಳ ಪರಿಚಿತ ಲಕ್ಷಣ. ಭುಜದ ಎಲುಬಿನ ಚಾವಣಿಯ ಕೆಳಗೆ ರೊಟೇಟರ್ ಕಫ್ ಅನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಹಾದುಹೋಗುತ್ತದೆ. ಈ ಕೋನಗಳಲ್ಲಿ ಅದರ ಮೇಲೆ ಒತ್ತಡ ಹೆಚ್ಚು. ರೇಗಿದ ರಜ್ಜು ಅಲ್ಲೇ ಕೂಗುತ್ತದೆ.

ನೋವಿನ ಬಗೆಯನ್ನೂ ಬರೆಯಿರಿ. ಇದಕ್ಕೆ ಕನ್ನಡದಷ್ಟು ಒಳ್ಳೆಯ ಪದಗಳು ನನಗೆ ಇಂಗ್ಲಿಷಿನಲ್ಲಿ ಸಿಕ್ಕಿಲ್ಲ. ಚಳುಕು ಎಂದರೆ ಕ್ಷಣಮಾತ್ರ ಹೊಡೆದು ಹೋಗುವ ನೋವು. ಸೆಳೆತ ಎಳೆದು ನಿಲ್ಲುವಂಥದ್ದು. ಜೋಮು ಮತ್ತೊಂದೇ. ‘ಪೇನ್’ ಎಂದು ಬರೆದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ನಿಮ್ಮ ಅಜ್ಜಿಯ ಬಳಿ ಹೇಳುವ ಮಾತಿನಲ್ಲೇ ಬರೆಯಿರಿ.

ಕಳೆದ ನಾಲ್ಕು ವಾರದಲ್ಲಿ ಏನು ಬದಲಾಯಿತು?

ಪತ್ರದಲ್ಲಿ ಅತಿ ಮುಖ್ಯವಾದ ಭಾಗ ಇದೇ, ಹೆಚ್ಚಿನವರು ಬಿಡುವುದೂ ಇದನ್ನೇ. ಶಿಕ್ಷಕಿ ‘ಏನೂ ಬದಲಾಗಿಲ್ಲ’ ಎಂದರು. ಜಿಮ್ ಡೈರಿ ತೆಗೆಸಿದೆ. ಶೋಲ್ಡರ್ ಪ್ರೆಸ್‌ಗೆ ಮೊದಲು ಒಂದೊಂದು ಕೈಗೆ 5 ಕೆ.ಜಿ., 10ರಂತೆ 3 ಸೆಟ್. ಈಗ 7.5 ಕೆ.ಜಿ., 10ರಂತೆ 4 ಸೆಟ್. ಎರಡೂವರೆ ಕೆ.ಜಿ. ತಾನೇ ಎಂದು ಕಾಣುತ್ತದೆ. ಲೆಕ್ಕ ಹಾಕಿ: ಮೊದಲು ಒಂದು ಕೈ ಒಂದು ದಿನಕ್ಕೆ ಎತ್ತುತ್ತಿದ್ದ ಒಟ್ಟು ತೂಕ 150 ಕೆ.ಜಿ., ಈಗ 300. ಗಣಿತದ ಟೀಚರ್‌ಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಎಷ್ಟೋ ಜಿಮ್‌ಗಳಲ್ಲಿ ಡಂಬೆಲ್ 2.5 ಕೆ.ಜಿ. ಅಂತರದಲ್ಲೇ ಇರುತ್ತವೆ. 20ರಿಂದ 22.5ಕ್ಕೆ ಹೋಗುವವರಿಗೆ ಅದು ಎಂಟನೇ ಒಂದು ಭಾಗದ ಏರಿಕೆ. 5ರಿಂದ 7.5ಕ್ಕೆ ಹೋಗುವವರಿಗೆ ಅರ್ಧದಷ್ಟು.

ಅದೇ ಹೊತ್ತಿಗೆ ಅಪ್‌ರೈಟ್ ರೋ ಎಂಬ ವ್ಯಾಯಾಮವನ್ನೂ ಸೇರಿಸಿದ್ದರು. ರಾಡನ್ನು ಮೈಗೆ ಅಂಟಿಸಿಕೊಂಡು ಗದ್ದದವರೆಗೆ ಎಳೆಯುವುದು. ಇದರಲ್ಲಿ ತೋಳು ಒಳಕ್ಕೆ ತಿರುಗಿದ ಸ್ಥಿತಿಯಲ್ಲೇ ಮೇಲೇರುತ್ತದೆ. ರೇಗಿದ ರಜ್ಜಿಗೆ ಇದಕ್ಕಿಂತ ಹಿಂಸೆ ಬೇಡ.

ಜಿಮ್ಮಿನ ಹೊರಗಿನದ್ದೂ ಸೇರಬೇಕು. ಅವರು ಯುಗಾದಿಗೆ ಮುಂಚೆ ಎರಡು ಭಾನುವಾರ ಮನೆಯ ಬಲೆ ಹೊಡೆದಿದ್ದರು, ಫ್ಯಾನ್ ಒರೆಸಿದ್ದರು. ದಿನಕ್ಕೆ ಐದು ಪೀರಿಯಡ್ ಬೋರ್ಡ್ ಮೇಲೆ ಬರೆಯುತ್ತಾರೆ. ಬಲಮಗ್ಗುಲಲ್ಲೇ ಮಲಗುತ್ತಾರೆ. ಟ್ರೈನರ್‌ಗೆ ಇವು ಕಾಣುವುದೇ ಇಲ್ಲ, ನೀವೇ ಹೇಳಬೇಕು.

ಒಂದನ್ನು ಮಾತ್ರ ಬರೆಯಬೇಡಿ: ‘ನನಗೆ ರೊಟೇಟರ್ ಕಫ್ ಹರಿದಿದೆ ಅನ್ಸುತ್ತೆ.’ ಕಂಡದ್ದನ್ನು ಬರೆಯಿರಿ, ಕಾಯಿಲೆಯ ಹೆಸರನ್ನಲ್ಲ. ಆ ಹೆಸರು ಬಿದ್ದ ಕೂಡಲೇ ಹೆದರುವ ಟ್ರೈನರ್ ಎಲ್ಲವನ್ನೂ ನಿಲ್ಲಿಸುತ್ತಾರೆ, ಇಲ್ಲವೇ ಯಾರಿಗೋ ಹೇಳಿದ ವ್ಯಾಯಾಮವನ್ನು ನಿಮಗೂ ಕೊಡುತ್ತಾರೆ.

ಪತ್ರ

ಶಿಕ್ಷಕಿ ಕೊನೆಗೆ ಕಳಿಸಿದ್ದು ಇದು.

‘ಟ್ರೈನರ್ ಸರ್‌ಗೆ ನಮಸ್ಕಾರ.

ಮೂರು ವಾರದಿಂದ ಬಲಭುಜದಲ್ಲಿ ಚಳುಕು ಬರುತ್ತಿದೆ. ಜಾಗ ತೋಳಿನ ಹೊರಭಾಗ, ಮೇಲ್ಗಡೆ. ಕೈ ಪಕ್ಕದಿಂದ ಎತ್ತುವಾಗ ಭುಜಮಟ್ಟಕ್ಕೆ ಸ್ವಲ್ಪ ಕೆಳಗೆ ಶುರುವಾಗಿ, ಸ್ವಲ್ಪ ಮೇಲೆ ಹೋದ ಮೇಲೆ ಬಿಡುತ್ತದೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಜೋಮು ಇಲ್ಲ, ಕೈಯ ಶಕ್ತಿ ಹಾಗೇ ಇದೆ.

ಶೋಲ್ಡರ್ ಪ್ರೆಸ್‌ನ ಎರಡನೇ ಸೆಟ್‌ನಿಂದ ಹತ್ತರಲ್ಲಿ 5ರಷ್ಟು ನೋವು. ಅಪ್‌ರೈಟ್ ರೋದಲ್ಲಿ 6. ಸೀಟೆಡ್ ರೋದಲ್ಲಿ ಇಲ್ಲ. ಸ್ಕ್ವಾಟ್‌ಗೆ ರಾಡನ್ನು ಬೆನ್ನ ಮೇಲೆ ಹಿಡಿದಾಗ 3. ಮರುದಿನ ಬೆಳಿಗ್ಗೆ ಬ್ಲೌಸ್ ಹುಕ್ ಹಾಕುವಾಗಲೂ ನೋಯುತ್ತದೆ. ಬಲಮಗ್ಗುಲಾದರೆ ರಾತ್ರಿ ಎಚ್ಚರವಾಗುತ್ತದೆ.

ನಾಲ್ಕು ವಾರದ ಹಿಂದೆ ಪ್ರೆಸ್ 5ರಿಂದ 7.5 ಕೆ.ಜಿ. ಆಯಿತು, ಸೆಟ್ 3ರಿಂದ 4 ಆಯಿತು, ಅಪ್‌ರೈಟ್ ರೋ ಹೊಸದಾಗಿ ಸೇರಿತು. ಆ ದಿನಗಳಲ್ಲೇ ಮನೆ ಬಲೆ ಹೊಡೆದೆ.

ಜಿಮ್ ಬಿಡುವ ಮನಸ್ಸಿಲ್ಲ. ಎರಡು ವಾರದ ಮಟ್ಟಿಗೆ ಅಪ್‌ರೈಟ್ ರೋ ತೆಗೆದುಬಿಡೋಣವೇ? ಶೋಲ್ಡರ್ ಪ್ರೆಸ್ ಬದಲು ಭುಜಮಟ್ಟದ ಕೆಳಗೇ ಮುಗಿಯುವ ಯಾವುದನ್ನು ಮಾಡಲಿ? ಸ್ಕ್ವಾಟ್‌ನಲ್ಲಿ ರಾಡ್ ಬದಲು ಡಂಬೆಲ್ ಎದೆಗೆ ಹಿಡಿಯಬಹುದೇ? ಸೋಮವಾರ ಐದು ನಿಮಿಷ ಮೊದಲೇ ಬರುತ್ತೇನೆ, ನಾನು ಪ್ರೆಸ್ ಮಾಡುವ ರೀತಿಯನ್ನೊಮ್ಮೆ ನೋಡಿ.’

ಬ್ಲೌಸ್ ಹುಕ್ ಮಾತನ್ನು ಬರೆಯಲು ಅವರಿಗೆ ಸಂಕೋಚವಿತ್ತು. ಬೇಕಿದ್ದರೆ ‘ಕೈ ಬೆನ್ನ ಹಿಂದೆ ಒಯ್ಯುವಾಗ’ ಎನ್ನಬಹುದು. ಬಿಡಬೇಡಿ ಎಂದಷ್ಟೇ ಹೇಳಿದೆ, ಅವರು ಹಾಗೇ ಬರೆದರು.

ಕೇಳಿದ ರೀತಿಯನ್ನೂ ಗಮನಿಸಿ. ‘ಏನಾದ್ರೂ ಬದಲಾಯಿಸಿ’ ಎಂದಿಲ್ಲ. ಯಾವುದನ್ನು ತೆಗೆಯಬೇಕು, ಯಾವುದರ ಬದಲು ಇನ್ನೊಂದು ಬೇಕು, ಎಷ್ಟು ದಿನ ಎಂಬುದೆಲ್ಲ ಇದೆ. ಆದರೂ ಆಯ್ಕೆ ಟ್ರೈನರ್ ಕೈಯಲ್ಲೇ ಉಳಿದಿದೆ. ಯೂಟ್ಯೂಬ್ ನೋಡಿ ಪೂರ್ತಿ ಪಟ್ಟಿಯನ್ನೇ ಬರೆದುಕೊಂಡು ಹೋದರೆ ಯಾವ ಟ್ರೈನರ್‌ಗೂ ಹಿಡಿಸುವುದಿಲ್ಲ. ಅದು ನ್ಯಾಯವೇ.

ಉತ್ತರ ಬಂದ ಮೇಲೆ

ಟ್ರೈನರ್ ಒಳ್ಳೆಯವರು, ಅದೇ ರಾತ್ರಿ ಫೋನ್ ಮಾಡಿದರು. ಪ್ರೆಸ್ ಬದಲು ಫ್ಲೋರ್ ಪ್ರೆಸ್ ಕೊಟ್ಟರು: ನೆಲದ ಮೇಲೆ ಅಂಗಾತ ಮಲಗಿ, ಅಂಗೈಗಳು ಎದುರುಬದುರಾಗಿ, ಮೊಣಕೈ ಮೈಯಿಂದ ಸುಮಾರು 45 ಡಿಗ್ರಿ ದೂರ. ನೆಲವೇ ತಡೆಯುವುದರಿಂದ ಮೊಣಕೈ ಬೆನ್ನಿಗಿಂತ ಕೆಳಗೆ ಇಳಿಯುವುದಿಲ್ಲ. ಸೀಟೆಡ್ ರೋ ಉಳಿಯಿತು. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯುವ ವ್ಯಾಯಾಮ ಸೇರಿತು. ಕಾಲಿನ ದಿನಗಳಲ್ಲಿ ಸ್ಕ್ವಾಟ್‌ನ ಹಿಡಿತವೊಂದೇ ಬದಲಾಯಿತು.

ಇಲ್ಲಿಂದ ಮುಂದೆ ನಿಮಗೆ ಬೇಕಾದ ಅಳತೆ ಒಂದೇ. ವ್ಯಾಯಾಮದಲ್ಲಿ ನೋವು ಹತ್ತರಲ್ಲಿ 3ರ ಒಳಗಿರಬೇಕು, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಈ ಮಿತಿಯನ್ನು ಫಿಸಿಯೊಥೆರಪಿಯಲ್ಲಿ ಸಾಮಾನ್ಯವಾಗಿ ಬಳಸುತ್ತೇವೆ. ಮರುದಿನ ಹೆಚ್ಚಾಗಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು ಎಂದರ್ಥ. ಮಾಡುವಾಗ ಹಿತವೆನಿಸಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ರಜ್ಜು ತಡವಾಗಿ ಉತ್ತರ ಕೊಡುತ್ತದೆ. ಹುಕ್ ಹಾಕುವುದು ಆ ಬೆಳಗಿನ ಪರೀಕ್ಷೆಯಾಯಿತು. ಪ್ರತಿದಿನ ಡೈರಿಯಲ್ಲಿ ಒಂದು ಅಂಕಿ ಬರೆದರೆ ಸಾಕು.

ಎರಡು ವಾರಕ್ಕೆ ಅಂಕಿ ಇಳಿಯುವ ದಾರಿ ಹಿಡಿಯದಿದ್ದರೆ, ಅಥವಾ ರಾತ್ರಿಯ ನೋವು ಹೆಚ್ಚುತ್ತಿದ್ದರೆ, ಮುಂದಿನ ಪತ್ರ ಟ್ರೈನರ್‌ಗೆ ಬೇಡ. ಅದೇ ಪತ್ರವನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಿ, ಅವರಿಗೂ ಬೇಕಾದ್ದು ಅದೇ ಮಾಹಿತಿ. ಪೂರ್ತಿ ವಾಸಿಯಾಗಲು ಮಾತ್ರ ಎರಡು ವಾರ ಸಾಲದು, ರಜ್ಜಿನ ನೋವು ತಿಂಗಳುಗಳ ಲೆಕ್ಕ.

ಶಿಕ್ಷಕಿಗೆ ಆರನೇ ವಾರದಲ್ಲಿ ಶೋಲ್ಡರ್ ಪ್ರೆಸ್ ಮರಳಿತು, 5 ಕೆ.ಜಿ.ಯಲ್ಲಿ, ಎರಡೇ ಸೆಟ್. ಆ ಜಿಮ್ಮಿನಲ್ಲಿ 5ರ ನಂತರದ ಡಂಬೆಲ್ 7.5 ಕೆ.ಜಿ.ಯದ್ದೇ. ಹಾಗಾಗಿ ಟ್ರೈನರ್ ತೂಕ ಏರಿಸಲಿಲ್ಲ. ಅದೇ 5 ಕೆ.ಜಿ.ಯಲ್ಲಿ ಹತ್ತು ಸಲವನ್ನು ಹನ್ನೆರಡಕ್ಕೆ, ಬೆಳಿಗ್ಗೆಯ ಅಂಕಿ ಏರದಿದ್ದರೆ ಮರುವಾರ ಹದಿನಾಲ್ಕಕ್ಕೆ, ಆಮೇಲೆ ಮೂರನೇ ಸೆಟ್‌ಗೆ ಒಯ್ದರು.