ಮೂಲವ್ಯಾಧಿ ಇದ್ದ ಮಾತ್ರಕ್ಕೆ ರಕ್ತ ಅದರದ್ದೇ ಆಗಬೇಕೆಂದಿಲ್ಲ

ಬೆಳಿಗ್ಗೆ ಕಕ್ಕಸಿನ ಬಿಳಿ ಬೇಸಿನ್ ಕೆಂಪಾದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಸ್ವಲ್ಪ ಹೊತ್ತಿಗೆ 'ಓ, ಇದು ಪೈಲ್ಸ್ ಇರಬೇಕು' ಎಂದು ನಾವೇ ತೀರ್ಮಾನಿಸುತ್ತೇವೆ. ಮನೆಯಲ್ಲಿ ಹೇಳುವುದಿಲ್ಲ, ಡಾಕ್ಟರಿಗಂತೂ ಹೇಳುವುದೇ ಇಲ್ಲ. ಹೆಚ್ಚಿನ ಸಲ ಆ ಊಹೆ ಸರಿಯೇ ಇರುತ್ತದೆ. ತಪ್ಪಾದಾಗ ಗೊತ್ತಾಗುವುದು ಹೇಗೆ ಎಂಬುದೇ ಪ್ರಶ್ನೆ.

ಪೆರ್ಲದ ಕಡೆಯ ಒಂದೇ ಮನೆಯ ಅಣ್ಣ ತಮ್ಮಂದಿರು ಎಂದು ಇಟ್ಟುಕೊಳ್ಳೋಣ. ತಮ್ಮನಿಗೆ 34 ವರ್ಷ, ಆಟೋ ಓಡಿಸುತ್ತಾನೆ. ಅಣ್ಣನಿಗೆ 53, ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಇಬ್ಬರಿಗೂ ರಕ್ತ ಹೋಗುತ್ತಿದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಲ್ಲ.

ಮೊದಲು ರಕ್ತವನ್ನು ಸರಿಯಾಗಿ ನೋಡಿ

ಅಸಹ್ಯ ಪಟ್ಟುಕೊಂಡು ತಕ್ಷಣ ನೀರು ಹಾಕಿಬಿಡಬೇಡಿ, ಒಮ್ಮೆ ಬಗ್ಗಿ ನೋಡಿ. ಮೂಲವ್ಯಾಧಿಯ ರಕ್ತ ಕಡುಗೆಂಪಲ್ಲ, ಹೊಳೆಯುವ ಕೆಂಪು. ಮಲ ಹೋದ ಮೇಲೆ ತೊಟತೊಟ ಬೀಳುತ್ತದೆ, ಕೆಲವೊಮ್ಮೆ ಚಿಮ್ಮುತ್ತದೆ. ಮಲದ ಮೇಲೆ ಗೆರೆಯಂತೆ ಅಂಟಿರಬಹುದು, ಒಳಗೆ ಬೆರೆತಿರುವುದಿಲ್ಲ. ನೋವೂ ಇರುವುದಿಲ್ಲ. ಒಂದು ಚಮಚ ರಕ್ತ ನೀರಿಗೆ ಬಿದ್ದರೆ ಇಡೀ ಬೇಸಿನ್ ಕೆಂಪಾಗಿ ಕಾಣುತ್ತದೆ, ಹಾಗಾಗಿ ಕಂಡದ್ದಕ್ಕಿಂತ ಹೋದದ್ದು ಕಡಿಮೆಯೇ ಇರುತ್ತದೆ.

ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದ ಹಾಗೆ ಉರಿದು, ಆಮೇಲೂ ಗಂಟೆಗಟ್ಟಲೆ ನೋವಿದ್ದರೆ ಅದು ಬಹುತೇಕ ಗುದದ್ವಾರದ ಬಿರುಕು, ಅಂದರೆ ಫಿಶರ್. ಇದ್ದಕ್ಕಿದ್ದಂತೆ ಅಂಚಿನಲ್ಲಿ ನೀಲಿ ಗಂಟು ಎದ್ದು ಕೂರಲಾಗದಷ್ಟು ನೋವಾದರೆ, ಹೊರಗಿನ ಮೊಳೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಮೂರು ದಿನದೊಳಗೆ ಸರ್ಜನ್ ಬಳಿ ಹೋದರೆ ಸಣ್ಣದಾಗಿ ಕೊಯ್ದು ತೆಗೆಯಬಹುದು. ತಡವಾದರೆ ಅದೇ ಒಂದೆರಡು ವಾರದಲ್ಲಿ ಇಳಿಯುತ್ತದೆ, ಆಗ ಕೊಯ್ದು ಹೆಚ್ಚು ಲಾಭವಿಲ್ಲ.

ಮಲದ ಒಳಗೇ ಬೆರೆತ ಕಂದುಗೆಂಪು ರಕ್ತ, ಅಥವಾ ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ ಮೂಲವ್ಯಾಧಿಯ ಲಕ್ಷಣವಲ್ಲ. ಹಿಂದಿನ ದಿನ ಬೀಟ್ರೂಟ್ ತಿಂದದ್ದೋ ಕಬ್ಬಿಣಾಂಶದ ಮಾತ್ರೆ ನುಂಗಿದ್ದೋ ನೆನಪು ಮಾಡಿಕೊಳ್ಳಿ, ಮೊದಲನೆಯದು ಕೆಂಪು ಮಾಡುತ್ತದೆ, ಎರಡನೆಯದು ಕಪ್ಪು.

ಯಾವ ಹಂತ?

ಗುದದ ಒಳಗೋಡೆಯಲ್ಲಿ ರಕ್ತನಾಳಗಳಿಂದಾದ ಮೆತ್ತೆಗಳು ಎಲ್ಲರಿಗೂ ಇವೆ. ಮುಕ್ಕಿ ಮುಕ್ಕಿ ಅವು ಊದಿ ಕೆಳಗೆ ಜಾರಿದಾಗ ಮೂಲವ್ಯಾಧಿ ಎನ್ನುತ್ತೇವೆ. ರಕ್ತ ಮಾತ್ರ ಬಂದು ಏನೂ ಹೊರಬರದಿದ್ದರೆ ಒಂದನೇ ಹಂತ. ಮುಕ್ಕಿದಾಗ ಹೊರಬಂದು ಎದ್ದ ಮೇಲೆ ತಾನಾಗಿ ಒಳಹೋದರೆ ಎರಡು. ಬೆರಳಿನಿಂದ ಒಳಗೆ ತಳ್ಳಬೇಕಾದರೆ ಮೂರು. ತಳ್ಳಿದರೂ ಹೋಗದಿದ್ದರೆ ನಾಲ್ಕು. ಹಂತ ಹೇಳುವುದು ಎಷ್ಟು ಜಾರಿದೆ ಎಂಬುದನ್ನು ಮಾತ್ರ. ಒಂದನೇ ಹಂತದವರಿಗೇ ಜಾಸ್ತಿ ರಕ್ತ ಹೋಗಬಹುದು, ಮೂರನೇ ಹಂತದವರಿಗೆ ತುರಿಕೆ ಬಿಟ್ಟರೆ ಏನೂ ಇಲ್ಲದಿರಬಹುದು.

ನಮ್ಮ ತಮ್ಮನದ್ದು ಎರಡನೇ ಹಂತ. ತಾಲೂಕು ಆಸ್ಪತ್ರೆಯಲ್ಲಿ ಬೆರಳು ಹಾಕಿ ನೋಡಿ, ಪ್ರೊಕ್ಟೊಸ್ಕೋಪ್ ಎಂಬ ಗಿಡ್ಡ ಕೊಳವೆಯಿಂದ ಪರೀಕ್ಷಿಸಿದರು. ಎರಡು ಮೂರು ನಿಮಿಷದ ಕೆಲಸ. ತೂಕ ಇಳಿದಿಲ್ಲ, ಹಿಮೋಗ್ಲೋಬಿನ್ 14 ಇದೆ, ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಆಗಿಲ್ಲ. ಅವನಿಗೆ ಮನೆ ಆರೈಕೆ ಸಾಕು ಎಂದರು.

ಮನೆಯಲ್ಲಿ ಆರು ವಾರ

ಮುಖ್ಯ ಔಷಧ ನಾರಿನಂಶ, ದಿನಕ್ಕೆ 25ರಿಂದ 30 ಗ್ರಾಂ. ನಮ್ಮ ಕಡೆಯ ಊಟದಲ್ಲಿ ಅನ್ನದ ರಾಶಿ ದೊಡ್ಡದು, ಪಲ್ಯ ಉಪ್ಪಿನಕಾಯಿಯಷ್ಟು. ಕುಚ್ಚಲಕ್ಕಿ ಗಂಜಿ ಹಗುರ, ನಿಜ, ಆದರೆ ಅದರಲ್ಲಿ ನಾರು ಕಡಿಮೆ. ಲೆಕ್ಕ ತಿರುಗಿಸಬೇಕು. ಬೇಯಿಸಿದ ಹೆಸರುಕಾಳು ಒಂದು ಕಪ್ ತಿಂದರೆ ಸುಮಾರು 15 ಗ್ರಾಂ ಸಿಗುತ್ತದೆ. ಒಂದು ಪೇರಳೆಯಿಂದ 5, ಒಂದು ಬಾಳೆಹಣ್ಣಿನಿಂದ 3. ಹರಿವೆ, ಬಸಳೆ, ಬಾಳೆದಿಂಡಿನ ಪಲ್ಯ ತಟ್ಟೆಯ ಮೂಲೆಯಿಂದ ನಡುವಿಗೆ ಬರಲಿ. ಸುವರ್ಣಗಡ್ಡೆಯೂ ಒಳ್ಳೆಯ ತರಕಾರಿಯೇ, ಪಲ್ಯ ಮಾಡಿ ತಿನ್ನಿ. ಅದೊಂದೇ ಮೊಳೆಯನ್ನು ಕರಗಿಸುತ್ತದೆ ಎಂದು ಕಾಯುತ್ತಾ ಕೂರಬೇಡಿ.

ಇಷ್ಟು ಮಾಡಿಯೂ ಸಾಲದೆ ಬಂದರೆ ಇಸಬ್‌ಗೋಲ್ ಹೊಟ್ಟು. ಮೊದಲ ಮೂರು ರಾತ್ರಿ ಒಂದು ಚಹಾ ಚಮಚ, ಆಮೇಲೆ ಎರಡು. ಒಂದೇ ಸಲ ಜಾಸ್ತಿ ತಗೊಂಡರೆ ಹೊಟ್ಟೆ ಉಬ್ಬರಿಸಿ ಬೇಸರ ಬಂದುಬಿಡುತ್ತದೆ. ತುಂಬಿದ ಲೋಟ ನೀರಿಗೆ ಹಾಕಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನುಂಗಲು ತೊಂದರೆ ಇರುವವರು, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿರುವವರು ಇದನ್ನು ಮುಟ್ಟಬಾರದು. ಹರಳೆಣ್ಣೆ ಕುಡಿದು ಹೊಟ್ಟೆ ತೊಳೆಯುವ ಹಳೆಯ ರೂಢಿ ಇಲ್ಲಿ ಉಲ್ಟಾ ಹೊಡೆಯುತ್ತದೆ, ಭೇದಿಯೂ ಮಲಬದ್ಧತೆಯಷ್ಟೇ ಮೊಳೆಯನ್ನು ಕೆರಳಿಸುತ್ತದೆ.

ಇನ್ನು ಕೂರುವ ಸಮಯ. ಕಕ್ಕಸಿನಲ್ಲಿ ಐದು ನಿಮಿಷ, ಅಷ್ಟೇ. ಮೊಬೈಲ್ ಹೊರಗಿರಲಿ. ಕಮೋಡ್ ಆದರೆ ಕಾಲ ಕೆಳಗೆ ಒಂದು ಗಿಡ್ಡ ಮಣೆ ಇಡಿ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು. ಬರದಿದ್ದರೆ ಎದ್ದು ಬನ್ನಿ, ಬಂದಾಗ ತಡೆಯಬೇಡಿ. ತಮ್ಮನ ತೊಂದರೆ ಇಲ್ಲೇ ಇತ್ತು. ಬಾಡಿಗೆ ತಪ್ಪೀತೆಂದು ಬೆಳಗಿನ ಕರೆಯನ್ನು ತಡೆದು, ಮಧ್ಯಾಹ್ನ ಬಂದು ಅರ್ಧ ಗಂಟೆ ಮುಕ್ಕುತ್ತಿದ್ದ.

ಮಲ ಮೆತ್ತಗಾಗಲು ಒಂದು ವಾರ ಸಾಕು. ರಕ್ತ ನಿಲ್ಲಲು ಅದಕ್ಕಿಂತ ಜಾಸ್ತಿ ಬೇಕು, ನಾಲ್ಕರಿಂದ ಆರು ವಾರ. ಹೆಚ್ಚಿನವರು ಎರಡನೇ ವಾರಕ್ಕೇ 'ಇದರಿಂದ ಏನೂ ಆಗಲಿಲ್ಲ' ಎಂದು ಬಿಟ್ಟುಬಿಡುತ್ತಾರೆ. ತಮ್ಮನಿಗೆ ಮೂರನೇ ವಾರ ಹನಿ ಕಡಿಮೆಯಾಯಿತು, ಐದನೇ ವಾರ ನಿಂತಿತು. ನಿಲ್ಲದೇ ಹೋಗಿದ್ದರೆ ಮೊಳೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಚಿಕಿತ್ಸೆ ಇತ್ತು, ಅದಕ್ಕೆ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಬ್ಯಾಂಡ್ ಉದುರುವಾಗ, ಅಂದರೆ ಐದರಿಂದ ಹತ್ತನೇ ದಿನದ ಹೊತ್ತಿಗೆ ಸ್ವಲ್ಪ ರಕ್ತ ಕಾಣುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ 'ಒಂದೇ ಇಂಜೆಕ್ಷನ್, ಮೂಲವ್ಯಾಧಿ ಮಾಯ' ಎಂದು ಫೋನ್ ನಂಬರ್ ಬರೆದವರ ಬಳಿ ಹೋಗಬೇಡಿ. ಒಳಗೆ ಏನು ಚುಚ್ಚುತ್ತಾರೋ ಗೊತ್ತಿಲ್ಲದೆ ಹುಣ್ಣು ಮಾಡಿಕೊಂಡು, ದ್ವಾರವೇ ಕಿರಿದಾಗಿ ಬರುವವರಿದ್ದಾರೆ.

ತುರಿಕೆಗೆ

ಜಾರಿದ ಮೊಳೆಯಿಂದ ಲೋಳೆ ಒಸರುತ್ತದೆ. ಆ ತೇವವೇ ತುರಿಕೆಗೆ ಮೂಲ. ತುರಿಸಿತೆಂದು ಡೆಟಾಲ್, ಸೋಪು ಹಾಕಿ ಉಜ್ಜಿದರೆ ಚರ್ಮ ಒಡೆದು ಇನ್ನೂ ತುರಿಸುತ್ತದೆ. ಬರೀ ನೀರು ಸಾಕು. ತೊಳೆದ ಮೇಲೆ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಕರಾವಳಿಯ ಸೆಕೆಗೆ, ಮಳೆಗಾಲದಲ್ಲಿ ಒಣಗದ ಒಳಚಡ್ಡಿಗೆ ಇದು ಇನ್ನೂ ಮುಖ್ಯ.

ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಮಲವಿಸರ್ಜನೆಯ ನಂತರ, ಅಗಲದ ಟಬ್‌ನಲ್ಲಿ ಬೆಚ್ಚಗಿನ ನೀರು ತುಂಬಿ 10ರಿಂದ 15 ನಿಮಿಷ ಕೂರಿ. ಮೊಣಕೈ ಅದ್ದಿದರೆ ಹಿತವಾಗಿರುವಷ್ಟು ಬಿಸಿ. ಉಪ್ಪು ಬೇಕಾಗಿಲ್ಲ. ಒಣಗಿದ ಮೇಲೆ ವ್ಯಾಸಲಿನ್ ತೆಳುವಾಗಿ ಸವರಬಹುದು.

ಮೆಡಿಕಲ್‌ನಿಂದ ಕೇಳಿ ತರುವ ಟ್ಯೂಬ್‌ಗಳಲ್ಲಿ ಹಲವಕ್ಕೆ ಸ್ಟಿರಾಯ್ಡ್ ಸೇರಿರುತ್ತದೆ. ಒಂದು ವಾರಕ್ಕಿಂತ ಹೆಚ್ಚು ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ. ಅಲ್ಲಿ ಹುಳುಕಡ್ಡಿ ಇದ್ದರೆ ಸ್ಟಿರಾಯ್ಡ್ ಅದನ್ನು ಬೆಳೆಸುತ್ತದೆ. ರಾತ್ರಿ ಮಾತ್ರ ತುರಿಸಿ, ಮನೆಯ ಮಕ್ಕಳೂ ತುರಿಸಿಕೊಳ್ಳುತ್ತಿದ್ದರೆ ಅದು ದಾರಹುಳ, ಮನೆಮಂದಿಗೆಲ್ಲ ಒಟ್ಟಿಗೆ ಮಾತ್ರೆ ಬೇಕು.

ಅಣ್ಣನ ರಕ್ತ

ಅಣ್ಣನಿಗೂ ಕೆಂಪು ರಕ್ತವೇ. ಪರೀಕ್ಷಿಸಿದಾಗ ಎರಡನೇ ಹಂತದ ಮೊಳೆಯೂ ಕಂಡಿತು. ಇಲ್ಲಿಗೇ ನಿಲ್ಲಿಸುವುದು ಸುಲಭ. ಆದರೆ ಡಾಕ್ಟರ್ ಕೇಳಿದ ಇನ್ನೂ ಕೆಲವು ಪ್ರಶ್ನೆಗಳಿಗೆ ಬೇರೆ ಉತ್ತರ ಬಂತು. ಆರು ತಿಂಗಳಿಂದ ರಕ್ತ. ಮೊದಲು ದಿನಕ್ಕೊಮ್ಮೆ ಹೋಗುತ್ತಿದ್ದವನು ಈಗ ಮೂರು ನಾಲ್ಕು ಸಲ ಹೋಗುತ್ತಾನೆ, ಹೋದರೂ ಪೂರ್ತಿ ಆದ ಹಾಗಿಲ್ಲ. ತೋಟದ ಏರಿ ಹತ್ತುವಾಗ ಏದುಸಿರು. ಹಿಮೋಗ್ಲೋಬಿನ್ 9.2. ಗಂಡಸರಿಗೆ 13ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಮೂಲವ್ಯಾಧಿಯಿಂದ ಇಷ್ಟು ಇಳಿಯುವುದು ಅಪರೂಪ, ಕರುಳನ್ನು ನೋಡದೆ ಅದರ ಮೇಲೆ ತಪ್ಪು ಹೊರಿಸಬಾರದು.

ಇವುಗಳಲ್ಲಿ ಒಂದೇ ಇದ್ದರೂ ಕೊಲೊನೋಸ್ಕೋಪಿಯ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಉದ್ದ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಯ ಮಾತು ಬರುತ್ತದೆ: ವಯಸ್ಸು 45 ದಾಟಿರುವುದು, ರಕ್ತಹೀನತೆ, ಕಾರಣವಿಲ್ಲದೆ ತೂಕ ಇಳಿಯುವುದು, ಮಲದ ಅಭ್ಯಾಸ ವಾರಗಟ್ಟಲೆ ಬದಲಾಗುವುದು, ಮಲದಲ್ಲಿ ಬೆರೆತ ರಕ್ತ, ಅಪ್ಪ ಅಮ್ಮ ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರ್, ಅಥವಾ ಆರು ವಾರದ ಆರೈಕೆಗೂ ನಿಲ್ಲದ ರಕ್ತ. ಮೂಲವ್ಯಾಧಿ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಎರಡೂ ಒಬ್ಬರಲ್ಲೇ ಇರಬಹುದು, ಅಷ್ಟೇ. ಕರುಳಿನ ರಕ್ತ ಗಡ್ಡೆಗಟ್ಟಿ ಬರುತ್ತಿದ್ದರೆ, ನಿಲ್ಲದೆ ಹರಿಯುತ್ತಿದ್ದರೆ, ತಲೆಸುತ್ತಿ ಕಣ್ಣು ಕತ್ತಲೆ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ಹೊತ್ತಿಗೆ ಎಮರ್ಜೆನ್ಸಿಗೆ ಹೋಗಿ.

ನಮ್ಮ ಕಡೆಯವರು ಈ ಪರೀಕ್ಷೆಗೆ ಮಂಗಳೂರಿಗೋ ಪರಿಯಾರಂಗೋ ಹೋಗುತ್ತಾರೆ. ಕಷ್ಟ ಇರುವುದು ಪರೀಕ್ಷೆಯಲ್ಲಲ್ಲ, ಹಿಂದಿನ ದಿನದ ತಯಾರಿಯಲ್ಲಿ. ಕಬ್ಬಿಣದ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ಹಿಂದಿನ ದಿನ ಗಂಜಿ ತಿಳಿ, ಎಳನೀರು ಸರಿ. ಪುನರ್ಪುಳಿ ಜ್ಯೂಸ್ ಬೇಡ, ಅದರ ಕೆಂಪು ಒಳಗೆ ರಕ್ತದ ಹಾಗೆ ಕಾಣುತ್ತದೆ. ಸಂಜೆಯಿಂದ ಆಸ್ಪತ್ರೆಯವರು ಕೊಟ್ಟ ಪುಡಿಯನ್ನು ಅವರು ಹೇಳಿದಷ್ಟು ನೀರಿಗೆ ಹಾಕಿ ಕುಡಿಯಬೇಕು, ಕೊನೆಗೆ ತಿಳಿ ಹಳದಿ ನೀರು ಮಾತ್ರ ಹೋಗಬೇಕು. ಇಲ್ಲಿ ಅರ್ಧಕ್ಕೆ ಬಿಟ್ಟರೆ ಪರೀಕ್ಷೆ ಮತ್ತೊಮ್ಮೆ ಮಾಡಬೇಕಾದೀತು. ಪರೀಕ್ಷೆ ಅರ್ಧ ಗಂಟೆ. ಮಂಪರಿನ ಮದ್ದು ಕೊಡುವುದರಿಂದ ವಾಪಸ್ ಬರಲು ಒಬ್ಬರು ಜೊತೆಗಿರಲಿ.

ಅಣ್ಣನ ಕರುಳಿನ ಎಡಭಾಗದಲ್ಲಿ ಎರಡು ಸೆಂಟಿಮೀಟರಿನ ಪಾಲಿಪ್, ಅಂದರೆ ಒಳಗೋಡೆಯಿಂದ ಬೆಳೆದ ಗಂಟು ಸಿಕ್ಕಿತು. ಅಲ್ಲೇ ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಬಿಟ್ಟಿದ್ದರೆ ವರ್ಷಗಳಲ್ಲಿ ಆಗಬಹುದಾಗಿದ್ದ ಜಾತಿಯದ್ದು. ಮೂರು ವರ್ಷಕ್ಕೆ ಮತ್ತೆ ಕೊಲೊನೋಸ್ಕೋಪಿ ಮಾಡಿಸಬೇಕು, ಮೊಳೆಗೆ ಬೇರೆ ಆರೈಕೆ.

ಈಗ ಅಣ್ಣ ತಮ್ಮನಿಗೆ ಹೇಳಲೇಬೇಕು. ಒಡಹುಟ್ಟಿದವನಲ್ಲಿ ಇಷ್ಟು ದೊಡ್ಡ ಪಾಲಿಪ್ ಸಿಕ್ಕಿದ ಮೇಲೆ, ತಮ್ಮನಿಗೆ ರಕ್ತ ನಿಂತಿದ್ದರೂ 40 ತುಂಬುವಾಗ ಒಮ್ಮೆ ಕೊಲೊನೋಸ್ಕೋಪಿ ಆಗಬೇಕು. ಅದಕ್ಕೆ ಮೊದಲೇ ರಕ್ತ ಮತ್ತೆ ಕಾಣಿಸಿಕೊಂಡರೆ 'ನಂದು ಬರೀ ಪೈಲ್ಸ್' ಎನ್ನುವ ಹಾಗಿಲ್ಲ, ಅಣ್ಣನ ರಿಪೋರ್ಟ್ ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಬೇಕು.