ರೋಗಿಗೆ ರೈಲಿನಲ್ಲಿ ತುರ್ತು ಕೋಟಾದ ಬರ್ತ್: ಪತ್ರ ಬರೆಯುವುದು ಹೇಗೆ?

ಸಾಗರದಲ್ಲಿರುವ ನಮ್ಮ ಸೋದರಮಾವನಿಗೆ ಸೋಮವಾರ ಬೆಳಿಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ದಾಖಲಾಗಬೇಕಿತ್ತು. ಬೆನ್ನು ಊರಿ ಮಲಗಿದರೆ ಮಾತ್ರ ಅವರಿಗೆ ನೋವು ತಡೆಯಲಾಗುತ್ತಿತ್ತು, ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ಮಾತೇ ಇರಲಿಲ್ಲ. ಭಾನುವಾರ ರಾತ್ರಿಯ ತಾಳಗುಪ್ಪ–ಮೈಸೂರು ಎಕ್ಸ್‌ಪ್ರೆಸ್‌ನಲ್ಲಿ (16228) ಸ್ಲೀಪರ್ ಟಿಕೆಟ್ ತೆಗೆದರೆ ವೇಟಿಂಗ್ ಲಿಸ್ಟ್ ಬಂತು. ಆಗ ತುರ್ತು ಕೋಟಾಕ್ಕೆ ಪತ್ರ ಕೊಟ್ಟೆವು.

ಮೊದಲು ಟಿಕೆಟ್, ಆಮೇಲೆ ಪತ್ರ. ಪ್ರತಿ ರೈಲಿನಲ್ಲೂ ಒಂದಿಷ್ಟು ಬರ್ತ್‌ಗಳನ್ನು ರೈಲ್ವೆ ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತದೆ. ಅವನ್ನು ಕೊಡುವುದು ವೇಟಿಂಗ್ ಲಿಸ್ಟ್‌ನಲ್ಲಿ ಇರುವವರಿಗೆ. ಟಿಕೆಟ್ಟೇ ಇಲ್ಲದೆ ಪತ್ರ ಬರೆದರೆ ಅದನ್ನು ಯಾವ ಹೆಸರಿಗೂ ಜೋಡಿಸಲಾಗದು. ರೋಗಿ ಮತ್ತು ಜೊತೆಗೆ ಹೋಗುವವರು ಒಂದೇ ಪಿಎನ್ಆರ್‌ನಲ್ಲಿ ಇರಲಿ. ಕಾಯಿಲೆ ಕ್ಯಾನ್ಸರ್ ಆದರೆ ಮೊದಲು ಕೌಂಟರಿನಲ್ಲಿ ರಿಯಾಯಿತಿ ಟಿಕೆಟ್ ಮತ್ತು ಕ್ಯಾನ್ಸರ್ ರೋಗಿಗಳಿಗೆಂದೇ ಇರುವ ಕೋಟಾವನ್ನು ಕೇಳಿ. ಅದರ ದಾರಿಯೇ ಬೇರೆ.

ಪತ್ರ ಯಾರಿಗೆ ಎಂಬುದನ್ನು ರೈಲು ಎಲ್ಲಿಂದ ಹೊರಡುತ್ತದೆ ಎನ್ನುವುದರಿಂದ ತಿಳಿಯಬೇಕು. ತಾಳಗುಪ್ಪ, ಸಾಗರ, ಶಿವಮೊಗ್ಗ ಎಲ್ಲವೂ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿವೆ. ಹಾಗಾಗಿ ನಮ್ಮ ಪತ್ರ ಮೈಸೂರಿನ ವಿಭಾಗೀಯ ಕಚೇರಿಯ ವಾಣಿಜ್ಯ ಶಾಖೆಗೆ, ಅಂದರೆ ಹಿರಿಯ ವಿಭಾಗೀಯ ವಾಣಿಜ್ಯ ವ್ಯವಸ್ಥಾಪಕರ ಹೆಸರಿಗೆ. ಬೆಂಗಳೂರಿನಿಂದ ಹೊರಡುವ ರೈಲಾದರೆ ಬೆಂಗಳೂರು ವಿಭಾಗಕ್ಕೆ ಬರೆಯಬೇಕು. ಸಾಗರದಿಂದ ಮೈಸೂರಿಗೆ ಹೋಗಿ ಕೊಡಲಾಗದವರು ಅಲ್ಲಿರುವ ನೆಂಟರ ಕೈಯಲ್ಲಿ ಕಳಿಸುತ್ತಾರೆ, ಇಲ್ಲವೇ ಸಂಸದರ ಕಚೇರಿಯ ಮೂಲಕ ಕೇಳಿಸುತ್ತಾರೆ.

ಹೆಚ್ಚಿನವರು ಎಡವುವುದು ಸಮಯದಲ್ಲಿ. 2025ರ ಜುಲೈನಲ್ಲಿ ಬಂದ ಆದೇಶದ ಪ್ರಕಾರ, ಮಧ್ಯಾಹ್ನ 2ರ ನಂತರ ಹೊರಡುವ ರೈಲಿಗೆ ಪತ್ರ ಹಿಂದಿನ ದಿನ ಸಂಜೆ 4ರೊಳಗೆ ತಲುಪಿರಬೇಕು. ನಡುರಾತ್ರಿಯಿಂದ ಮಧ್ಯಾಹ್ನ 2ರವರೆಗೆ ಹೊರಡುವ ರೈಲಿಗಾದರೆ ಹಿಂದಿನ ದಿನ ಮಧ್ಯಾಹ್ನ 12ರೊಳಗೆ. ಹೊರಡುವ ದಿನವೇ ಕೊಟ್ಟ ಪತ್ರವನ್ನು ತೆಗೆದುಕೊಳ್ಳುವುದಿಲ್ಲ. ಭಾನುವಾರ ಅಥವಾ ರಜಾದಿನದ ಪ್ರಯಾಣಕ್ಕೆ ಅದರ ಹಿಂದಿನ ಕೆಲಸದ ದಿನವೇ ಕೊಟ್ಟುಬಿಡಬೇಕು. ನಮ್ಮದು ಭಾನುವಾರದ ರೈಲು, ಆದ್ದರಿಂದ ಶುಕ್ರವಾರ ಬೆಳಿಗ್ಗೆಯೇ ಪತ್ರ ಮೈಸೂರಿನಲ್ಲಿತ್ತು.

ತಾರೀಖಿನಲ್ಲೂ ಒಂದು ತೊಡಕಿದೆ. ರಾತ್ರಿ ರೈಲನ್ನು ಬೀರೂರಿನಂಥ ಕಡೆ ಹತ್ತುವವರ ಟಿಕೆಟ್‌ನಲ್ಲಿ, ನಡುರಾತ್ರಿ ದಾಟಿದ್ದರೆ, ಮರುದಿನದ ತಾರೀಖು ಇರುತ್ತದೆ. ಆದರೆ ಚಾರ್ಟ್ ತಯಾರಾಗುವುದು ರೈಲು ತಾಳಗುಪ್ಪ ಬಿಡುವ ಹೊತ್ತಿನ ಲೆಕ್ಕದಲ್ಲಿ. ಟಿಕೆಟ್‌ನ ತಾರೀಖಿನಿಂದ ಹಿಂದಕ್ಕೆ ಎಣಿಸಿದರೆ ಪತ್ರ ಒಂದು ದಿನ ತಡವಾಗುತ್ತದೆ.

ಪತ್ರ ಅರ್ಧ ಪುಟಕ್ಕಿಂತ ಉದ್ದ ಬೇಡ. ಕಷ್ಟದ ಕಥೆಯನ್ನೆಲ್ಲ ಬರೆಯಬೇಕೆನಿಸುವುದು ಸಹಜ, ಆದರೆ ಓದುವವರು ಹುಡುಕುವುದು ಪಿಎನ್ಆರ್ ಮತ್ತು ಕಾರಣ, ಅವೆರಡೇ. ನಮ್ಮ ಪತ್ರದ ಒಡಲು ಹೀಗಿತ್ತು:

“ವಿಷಯ: ರೋಗಿಗೆ ತುರ್ತು ಕೋಟಾದಲ್ಲಿ 2 ಬರ್ತ್ ಕೋರಿ. ರೈಲು 16228, ಪ್ರಯಾಣದ ದಿನಾಂಕ…, ಸಾಗರ ಜಂಬಗಾರುವಿನಿಂದ ಕೆಎಸ್ಆರ್ ಬೆಂಗಳೂರು, ಸ್ಲೀಪರ್, ಪಿಎನ್ಆರ್…
ಮೇಲಿನ ಟಿಕೆಟ್‌ನ ಮೊದಲ ಪ್ರಯಾಣಿಕರು ನನ್ನ ಸೋದರಮಾವ, ವಯಸ್ಸು 61. ಸೋಮವಾರ ಬೆಳಿಗ್ಗೆ ನಿಮ್ಹಾನ್ಸ್‌ನಲ್ಲಿ ದಾಖಲಾಗಬೇಕಿದೆ. ಕುಳಿತು ಪ್ರಯಾಣಿಸಲು ಆಗದು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಎರಡನೆಯ ಪ್ರಯಾಣಿಕರು ಅವರನ್ನು ನೋಡಿಕೊಳ್ಳುವ ಮಗ. ಇಬ್ಬರಿಗೂ ಬರ್ತ್ ದಯಪಾಲಿಸಬೇಕೆಂದು ಕೋರುತ್ತೇನೆ.”

ಕೆಳಗೆ ಸಹಿ, ಪೂರ್ತಿ ಹೆಸರು, ವಿಳಾಸ, ಬರೆದವರ ಮೊಬೈಲ್ ಸಂಖ್ಯೆ ಇರಬೇಕು. ಹೋಗುವವರಲ್ಲಿ ಒಬ್ಬರ ಮೊಬೈಲ್ ಸಂಖ್ಯೆಯೂ ಬೇಕು, ಏಕೆಂದರೆ ಸಂದೇಹ ಬಂದರೆ ಫೋನ್ ಮಾಡಿ ವಿಚಾರಿಸಬಹುದು. ಟಿಕೆಟ್‌ನ ಪ್ರತಿ, ದಾಖಲಾತಿಯ ಚೀಟಿ, ವೈದ್ಯರ ಪತ್ರ ಲಗತ್ತಿಸಿ. ಪಿಎನ್ಆರ್‌ನ 10 ಅಂಕಿಗಳನ್ನು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿಸಿ. ಒಂದು ಅಂಕಿ ತಪ್ಪಿದರೂ ಪತ್ರ ಕೊಟ್ಟೂ ಕೊಡದ ಹಾಗೆ.

ಇದಕ್ಕೆ ಶುಲ್ಕವಿಲ್ಲ. ದುಡ್ಡು ಕೊಟ್ಟರೆ ಕೋಟಾ ಮಾಡಿಸುತ್ತೇನೆ ಎನ್ನುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ, ಟ್ರಾವೆಲ್ ಏಜೆಂಟರ ಕೋರಿಕೆಯನ್ನು ರೈಲ್ವೆ ಪರಿಗಣಿಸುವುದೇ ಇಲ್ಲ. ಸಚಿವರು, ಸಂಸದರ ಸ್ವಂತ ಪ್ರಯಾಣಕ್ಕೆ ಮೊದಲ ಆದ್ಯತೆ. ಉಳಿದದ್ದನ್ನು ಕಾಯಿಲೆ, ಸಾವು, ಸಂದರ್ಶನ ಎಂದು ತುರ್ತು ನೋಡಿ ಹಂಚುತ್ತಾರೆ. ಹಾಗಾಗಿ ಪತ್ರ ಸರಿಯಾಗಿದ್ದರೂ ಬರ್ತ್ ಸಿಗದೇ ಹೋಗಬಹುದು.

ಸಿಕ್ಕಿತೋ ಇಲ್ಲವೋ ತಿಳಿಯುವುದು ಚಾರ್ಟ್ ಆದ ಮೇಲೆಯೇ. 139ಕ್ಕೆ ಫೋನ್ ಮಾಡಿ ಪಿಎನ್ಆರ್ ಸ್ಥಿತಿ ಕೇಳಿ. ಆಗಲೂ ವೇಟಿಂಗ್ ಎಂದಿದ್ದರೆ ಆ ಟಿಕೆಟ್‌ನಲ್ಲಿ ಸ್ಲೀಪರ್ ಬೋಗಿ ಹತ್ತುವಂತಿಲ್ಲ. ಇ-ಟಿಕೆಟ್‌ನ ಹಣ ತಾನಾಗಿ ವಾಪಸ್ ಬರುತ್ತದೆ. ಕೌಂಟರ್ ಟಿಕೆಟ್ಟನ್ನು ಮಾತ್ರ ರೈಲು ಹೊರಡುವ 30 ನಿಮಿಷ ಮೊದಲೇ ನೀವೇ ರದ್ದು ಮಾಡಿಸಬೇಕು. ಅಂಥ ಹೊತ್ತಿಗೆಂದು ಮಲಗಿಕೊಂಡು ಹೋಗಬಹುದಾದ ಒಂದು ವಾಹನವನ್ನು ಮೊದಲೇ ಮಾತಾಡಿಟ್ಟಿರಿ.

ನಮಗೆ ಎರಡೂ ಬರ್ತ್ ಸಿಕ್ಕವು, ಮಾವನದು ಮಾತ್ರ ಮೇಲಿನದು. ಕೋಟಾದಲ್ಲಿ ಕೆಳಗಿನ ಬರ್ತೇ ಬರುತ್ತದೆ ಎಂಬ ಖಾತ್ರಿ ಇಲ್ಲ. ವೈದ್ಯರ ಪತ್ರವನ್ನು ಟಿಟಿಇಗೆ ತೋರಿಸಿದೆವು. ಶಿವಮೊಗ್ಗ ಬರುವಷ್ಟರಲ್ಲಿ ಎದುರಿನ ಹುಡುಗನೊಬ್ಬ ಹೊದಿಕೆ ಮಡಚಿಕೊಂಡು ಮೇಲೆ ಹತ್ತಿ ಮಲಗಿದ.